ಪರದೆ 5 ಮಿ.ಲೀ. ಅಂದಿತು, ಸಿರಿಂಜ್‌ನಿಂದ ಹೋಗಿದ್ದು 23: ಇನ್ಫ್ಯೂಷನ್ ಪಂಪ್ ಕೈಕೊಟ್ಟಾಗ ವರದಿ ಬರೆಯುವುದು ಹೇಗೆ

ವಾರ್ಡ್‌ನಲ್ಲಿ ಪಂಪ್ ಕೆಟ್ಟಾಗ ಬರುವ ವರದಿಗಳಲ್ಲಿ ತುಂಬಾ ಸಲ ಒಂದೇ ವಾಕ್ಯ ಇರುತ್ತದೆ: "ಪಂಪ್ ಸರಿಯಾಗಿ ಕೆಲಸ ಮಾಡಲಿಲ್ಲ, ರೋಗಿಗೆ ಔಷಧ ಜಾಸ್ತಿ ಹೋಯಿತು." ಇದನ್ನು ಹಿಡಿದುಕೊಂಡು ಬಯೋಮೆಡಿಕಲ್ ಇಂಜಿನಿಯರ್ ಏನೂ ಮಾಡಲಾರರು. ಪಂಪ್ ಅವರ ಟೇಬಲ್‌ಗೆ ಬರುವ ಹೊತ್ತಿಗೆ ಅದನ್ನು ಒರೆಸಿ ಚೊಕ್ಕ ಮಾಡಿರುತ್ತಾರೆ. ಸಿರಿಂಜ್ ಕಸಕ್ಕೆ ಹೋಗಿರುತ್ತದೆ. ಪರೀಕ್ಷೆಗೆ ಹಾಕಿದರೆ ಪಂಪ್ ಚೆನ್ನಾಗಿಯೇ ಓಡುತ್ತದೆ. ಆಗ ಉಳಿಯುವ ಒಂದೇ ವಿವರಣೆ "ಯಾರೋ ಸರಿಯಾಗಿ ಹಾಕಿಲ್ಲ" ಎಂಬುದು. ವಿವರ ಇಲ್ಲದ ವರದಿ ಯಾರ ಹೆಸರನ್ನೂ ಹೇಳದಿದ್ದರೂ ತಪ್ಪು ಕೊನೆಗೆ ಆ ಪಾಳಿಯ ನರ್ಸ್ ತಲೆಗೇ ಬಂದು ಕೂರುತ್ತದೆ.

ಹಾಗಾಗಿ ಯಾರನ್ನೂ ದೂರದೆ ಬರೆಯುವುದು ಅಂದರೆ ಮೆತ್ತಗೆ ಬರೆಯುವುದಲ್ಲ, ಉಪಕರಣದ ಬಗ್ಗೆ ಜಾಸ್ತಿ ಬರೆಯುವುದು. ಇಲ್ಲಿ ಒಂದೇ ಪ್ರಸಂಗವನ್ನು ತೆಗೆದುಕೊಂಡು, ಮೊದಲ ನಿಮಿಷದಿಂದ ವರದಿಯ ಕೊನೆಯ ಸಾಲಿನವರೆಗೆ ಹೆಜ್ಜೆ ಹೆಜ್ಜೆಯಾಗಿ ನೋಡೋಣ. ವಿವರಿಸುವುದಕ್ಕಾಗಿ ಕಟ್ಟಿಕೊಂಡ ಪ್ರಸಂಗ ಇದು. ಆದರೆ ಇದರಲ್ಲಿನ ದೋಷ ಸಿರಿಂಜ್ ಪಂಪ್ ಬಳಸುವ ಕಡೆ ಚೆನ್ನಾಗಿ ಗೊತ್ತಿರುವಂಥದ್ದೇ.

ಪ್ರಸಂಗ

ಆಪರೇಷನ್ ಆದ ರೋಗಿ. ನೋವಿಗೆ ಸಿರಿಂಜ್ ಪಂಪ್‌ನಲ್ಲಿ ಮಾರ್ಫಿನ್. 50 ಮಿ.ಲೀ. ದ್ರವದಲ್ಲಿ 50 ಮಿ.ಗ್ರಾಂ., ಅಂದರೆ ಒಂದು ಮಿ.ಲೀ.ಗೆ ಒಂದು ಮಿ.ಗ್ರಾಂ. ಲೈನ್ ತುಂಬಿಸಿದ ಮೇಲೆ ಸಿರಿಂಜ್‌ನಲ್ಲಿ ಸರಿಯಾಗಿ 50 ಮಿ.ಲೀ. ಇತ್ತು. ಮಧ್ಯಾಹ್ನ 2 ಗಂಟೆಗೆ, ಗಂಟೆಗೆ 2 ಮಿ.ಲೀ. ವೇಗದಲ್ಲಿ ಶುರು ಮಾಡಿದರು.

3 ಗಂಟೆಗೆ ನೋಡಿದಾಗ ಪರದೆಯಲ್ಲಿ "ಹೋದ ಪ್ರಮಾಣ" 2.0 ಇತ್ತು. ಪ್ಲಂಜರ್ 48ರ ಗೆರೆಯಲ್ಲಿತ್ತು. ರೋಗಿ ಎಚ್ಚರವಾಗಿದ್ದರು, ಉಸಿರಾಟ ನಿಮಿಷಕ್ಕೆ 14. 4 ಗಂಟೆಗೆ ಪರದೆಯಲ್ಲಿ 4.0, ಪ್ಲಂಜರ್ 46ರಲ್ಲಿ. ರೋಗಿಗೆ ಸ್ವಲ್ಪ ಮಂಪರು, ಆದರೆ ಕರೆದರೆ ಕಣ್ಣು ಬಿಡುತ್ತಿದ್ದರು. ಉಸಿರಾಟ 11. ನಾಲ್ಕೂವರೆಗೆ ಜೊತೆಗಿದ್ದ ಮನೆಯವರು ಬಂದು "ಎಬ್ಬಿಸಿದರೂ ಏಳ್ತಿಲ್ಲ" ಅಂದರು. ಉಸಿರಾಟ 6, ಆಕ್ಸಿಜನ್ ಮಟ್ಟ ಶೇ. 82, ಕಣ್ಣಿನ ಪಾಪೆ ಸೂಜಿಮೊನೆಯಷ್ಟು. ಪಂಪ್ ಓಡುತ್ತಲೇ ಇತ್ತು. ಹಸಿರು ದೀಪ ಉರಿಯುತ್ತಿತ್ತು, ಯಾವ ಅಲಾರಂ ಕೂಡ ಇರಲಿಲ್ಲ. ಪರದೆಯಲ್ಲಿ 5.0, ಪ್ಲಂಜರ್ 45ರಲ್ಲಿ. ಎಲ್ಲವೂ ಲೆಕ್ಕಕ್ಕೆ ಸರಿ.

ಆದರೆ ಸಿರಿಂಜ್‌ನೊಳಗೆ ಪ್ಲಂಜರ್‌ಗೂ ಮೂತಿಗೂ ನಡುವೆ, ಮೇಲ್ಭಾಗದಲ್ಲಿ, ಉದ್ದಕ್ಕೂ ಗಾಳಿ ಇತ್ತು.

ಮೊದಲ ಹೆಜ್ಜೆ: ಲೈನ್ ಮುಚ್ಚಿ, ಆಮೇಲೆ ಪಂಪ್ ಮುಟ್ಟಿ

ಅನುಮಾನ ಬಂದ ಕೂಡಲೇ ಪಂಪ್‌ನಿಂದ ಸಿರಿಂಜ್ ಕಿತ್ತುಬಿಡೋಣ ಅನ್ನಿಸುವುದು ಸಹಜ. ಅದನ್ನು ಮಾಡಬಾರದು. ಸಿರಿಂಜ್ ರೋಗಿಗಿಂತ ಎತ್ತರದಲ್ಲಿದ್ದು, ಲೈನ್ ತೆರೆದೇ ಇದ್ದಾಗ ಪ್ಲಂಜರ್ ಬಿಡಿಸಿದರೆ ಉಳಿದ ಔಷಧವೂ ತನ್ನ ಭಾರಕ್ಕೇ ಇಳಿದು ರೋಗಿಯ ಮೈಗೆ ಸೇರಬಹುದು. ಮೊದಲು ರೋಗಿಗೆ ಹತ್ತಿರದ ಕ್ಲಾಂಪ್ ಹಾಕಿ, ಅಥವಾ ಮೂರು ದಾರಿಯ ಸ್ಟಾಪ್‌ಕಾಕ್ ತಿರುಗಿಸಿ ಮುಚ್ಚಿ. ಆಮೇಲೆ ಪಂಪ್‌ನ ಸ್ಟಾಪ್ ಬಟನ್ ಒತ್ತಿ. ಸಹಾಯಕ್ಕೆ ಕರೆಯುವುದು, ಉಸಿರಿನ ದಾರಿ ನೋಡುವುದು, ಆಕ್ಸಿಜನ್ ಕೊಡುವುದು ಇದರ ಜೊತೆಜೊತೆಗೇ ನಡೆಯಬೇಕು.

ಇನ್ನೊಂದು ವಿಷಯ ಗಡಿಬಿಡಿಯಲ್ಲಿ ಮರೆತುಹೋಗುತ್ತದೆ. ಪಂಪ್‌ನ ಉದ್ದನೆಯ ಲೈನ್ ಒಳಗೆ ಒಂದೆರಡು ಮಿ.ಲೀ. ಮಾರ್ಫಿನ್ ಇದ್ದೇ ಇರುತ್ತದೆ. ಮಾರ್ಫಿನ್‌ನ ಪರಿಣಾಮ ತಡೆಯುವ ನಲಾಕ್ಸೋನ್ ಔಷಧವನ್ನು ಅದೇ ಲೈನ್ ಮೂಲಕ ತಳ್ಳಿದರೆ ಅದಕ್ಕೂ ಮುಂಚೆ ಆ ಮಾರ್ಫಿನ್ ಒಳಗೆ ಹೋಗುತ್ತದೆ. ಸಾಧ್ಯವಾದರೆ ಬೇರೆ ಕ್ಯಾನುಲಾ ಬಳಸಿ. ಇಲ್ಲದಿದ್ದರೆ ಲೈನನ್ನು ಕ್ಯಾನುಲಾದ ಬಳಿಯೇ ಬಿಡಿಸಿ, ತುದಿಗೆ ಕ್ಯಾಪ್ ಹಾಕಿ ಪಕ್ಕಕ್ಕಿಡಿ. ಕ್ಯಾನುಲಾ ಮಾತ್ರ ತೆಗೆಯಬೇಡಿ, ಮುಂದೆ ಅದು ಬೇಕು.

ನಮ್ಮ ಪ್ರಸಂಗದಲ್ಲಿ 4:31ಕ್ಕೆ ಕ್ಲಾಂಪ್ ಹಾಕಿದರು. ಡಾಕ್ಟರ್ 4:34ಕ್ಕೆ 100 ಮೈಕ್ರೋಗ್ರಾಂ ನಲಾಕ್ಸೋನ್ ಕೊಟ್ಟರು, 4:37ಕ್ಕೆ ಇನ್ನೊಮ್ಮೆ ಅಷ್ಟೇ. 4:40ಕ್ಕೆ ಉಸಿರಾಟ 12ಕ್ಕೆ ಬಂತು. ಈ ಸಮಯಗಳನ್ನೆಲ್ಲ ಯಾರಾದರೂ ಒಬ್ಬರು ಆಗಲೇ ಒಂದು ಚೀಟಿಯಲ್ಲಿ ಗೀಚಿಕೊಳ್ಳಬೇಕು. ಸಂಜೆ ಕೂತು ನೆನಪು ಮಾಡಿಕೊಂಡರೆ ಹತ್ತು ನಿಮಿಷ ಹಿಂದೆಮುಂದೆ ಆಗುವುದು ಗ್ಯಾರಂಟಿ.

ಎರಡನೇ ಹೆಜ್ಜೆ: ಪಂಪ್ ಇದ್ದ ಹಾಗೇ ಬರೆದುಕೊಳ್ಳಿ

ರೋಗಿ ಸುಧಾರಿಸಿಕೊಂಡ ಮೇಲೆ, ಅಥವಾ ಬೇರೆ ಕೈಗಳು ರೋಗಿಯನ್ನು ನೋಡಿಕೊಳ್ಳುತ್ತಿರುವಾಗಲೇ, ಒಬ್ಬರು ಪಂಪ್ ಮುಂದೆ ನಿಂತು ಕಾಣುವುದನ್ನೆಲ್ಲ ಬರೆದುಕೊಳ್ಳಬೇಕು. ವಾರ್ಡ್‌ನ ನಿಯಮ ಒಪ್ಪಿದರೆ ಫೋಟೋ ತೆಗೆಯಿರಿ, ರೋಗಿಯ ಮುಖ ಮತ್ತು ಹೆಸರಿನ ಪಟ್ಟಿ ಬರದ ಹಾಗೆ. ಪರದೆ ಒಂದು ಫೋಟೋ, ಸಿರಿಂಜ್ ಪಕ್ಕದಿಂದ ಒಂದು, ಪ್ಲಂಜರ್ ಹಿಡಿಯುವ ಭಾಗ ಒಂದು, ದೂರದಿಂದ ಸ್ಟ್ಯಾಂಡ್ ಮತ್ತು ಹಾಸಿಗೆ ಎರಡೂ ಕಾಣುವ ಹಾಗೆ ಒಂದು.

ಪರದೆಯಲ್ಲಿ ನೋಡಬೇಕಾದದ್ದು ವೇಗ, ಹೋದ ಪ್ರಮಾಣ, ಯಾವ ಸಿರಿಂಜ್ ಎಂದು ಆರಿಸಲಾಗಿದೆ, ಯಾವ ಔಷಧ ಎಂದು ತೋರಿಸುತ್ತಿದೆ, ಕರೆಂಟ್‌ನಲ್ಲಿ ಓಡುತ್ತಿತ್ತೋ ಬ್ಯಾಟರಿಯಲ್ಲೋ ಎಂಬುದು. ಅಲಾರಂ ಇದ್ದರೆ ಅದರ ಮಾತನ್ನು ಪರದೆಯಲ್ಲಿ ಇದ್ದ ಹಾಗೇ, ಅಕ್ಷರ ತಪ್ಪದಂತೆ ನಕಲು ಮಾಡಿ. "ಏನೋ ಎರರ್ ಬಂತು" ಅಂತ ಬರೆದರೆ ಪ್ರಯೋಜನವಿಲ್ಲ. ಅಲಾರಂ ಇಲ್ಲದಿದ್ದರೆ "ಅಲಾರಂ ಇರಲಿಲ್ಲ" ಅಂತಲೂ ಬರೆಯಿರಿ. ಖಾಲಿ ಬಿಟ್ಟರೆ ಓದುವವರು ಅದನ್ನು ನೀವು ನೋಡಲೇ ಇಲ್ಲ ಎಂದುಕೊಳ್ಳುತ್ತಾರೆ.

ಆಮೇಲೆ ಪಂಪ್‌ನ ಗಡಿಯಾರ. ಪಂಪ್ ತೋರಿಸುವ ಸಮಯ ಮತ್ತು ಗೋಡೆ ಗಡಿಯಾರದ ಸಮಯ, ಎರಡನ್ನೂ ಒಂದೇ ಕ್ಷಣದಲ್ಲಿ ಬರೆದುಕೊಳ್ಳಿ. ಪಂಪ್‌ನ ಗಡಿಯಾರ ಎಷ್ಟೋ ಸಲ ಹಿಂದೆಯೋ ಮುಂದೆಯೋ ಇರುತ್ತದೆ. ಪಂಪ್ ಒಳಗಿನ ದಾಖಲೆಯಲ್ಲಿ "3:12ಕ್ಕೆ ಶುರು" ಅಂತಿದ್ದು ಚಾರ್ಟ್‌ನಲ್ಲಿ 2:00 ಅಂತಿದ್ದರೆ, ಆ ವ್ಯತ್ಯಾಸ ಗೊತ್ತಿಲ್ಲದವರಿಗೆ ಚಾರ್ಟ್ ಬರೆದವರ ಮೇಲೆಯೇ ಅನುಮಾನ ಬರುತ್ತದೆ ಅಲ್ವಾ?

ಇನ್ನು ಸಿರಿಂಜ್. ಇಲ್ಲಿ ಎರಡು ಬೇರೆ ಬೇರೆ ಸಂಗತಿಗಳಿವೆ: ಪ್ಲಂಜರ್ ಯಾವ ಗೆರೆಯಲ್ಲಿದೆ ಮತ್ತು ಒಳಗೆ ದ್ರವ ಎಷ್ಟಿದೆ. ಸಾಮಾನ್ಯವಾಗಿ ಎರಡೂ ಒಂದೇ ಆಗಿರುವುದರಿಂದ ನಾವು ಪ್ಲಂಜರ್ ಗೆರೆ ಓದಿ "ಇಷ್ಟು ಉಳಿದಿದೆ" ಅನ್ನುತ್ತೇವೆ. ಗಾಳಿ ಸೇರಿದಾಗ ಎರಡೂ ಬೇರೆಯಾಗುತ್ತವೆ. ಆದ್ದರಿಂದ ಎರಡನ್ನೂ ಬರೆಯಿರಿ: "ಪ್ಲಂಜರ್ 45ರ ಗೆರೆಯಲ್ಲಿ. ಪ್ಲಂಜರ್ ಮತ್ತು ಮೂತಿಯ ನಡುವೆ ಮೇಲ್ಭಾಗದಲ್ಲಿ ಗಾಳಿ, ಒಳಜಾಗದ ಮೂರನೇ ಒಂದು ಭಾಗಕ್ಕಿಂತ ಜಾಸ್ತಿ ಕಾಣುತ್ತದೆ." ಆ ಹೊತ್ತಿಗೆ ಇಷ್ಟು ಅಂದಾಜು ಸಾಕು. ನಿಖರ ಅಳತೆ ಆಮೇಲೆ ಮಾಡೋಣ.

ಒಂದು ಟೇಪ್ ಸಿಕ್ಕರೆ ಪಂಪ್ ರೋಗಿಯ ಎದೆಯ ಮಟ್ಟಕ್ಕಿಂತ ಎಷ್ಟು ಮೇಲಿದೆ ಅಂತಲೂ ಅಳೆಯಿರಿ. ನಮ್ಮ ಪ್ರಸಂಗದಲ್ಲಿ 80 ಸೆಂ.ಮೀ. ಈ ಸಂಖ್ಯೆ ಯಾಕೆ ಬೇಕು ಅಂತ ಮುಂದೆ ಗೊತ್ತಾಗುತ್ತದೆ.

ಕೊನೆಗೆ ಒದ್ದೆ ಹುಡುಕಿ. ಹಾಸಿಗೆ, ನೆಲ, ಲೈನ್‌ನ ಜೋಡಣೆಗಳು, ಪಂಪ್‌ನ ಕೆಳಭಾಗ, ಎಲ್ಲವನ್ನೂ ಕೈಗವಸು ಹಾಕಿಕೊಂಡು ಮುಟ್ಟಿ ನೋಡಿ. ಸಿರಿಂಜ್‌ನಿಂದ ಹೋದದ್ದೆಲ್ಲ ರೋಗಿಗೇ ಹೋಗಿದೆ ಅಂತ ಹೇಳುವುದಕ್ಕೆ ಇದೊಂದೇ ಆಧಾರ. ಸೋರಿ ಹೋಗಿದ್ದರೆ ಕಥೆಯೇ ಬೇರೆ.

ಮೂರನೇ ಹೆಜ್ಜೆ: ಪಂಪ್, ಸಿರಿಂಜ್, ಲೈನ್, ಮೂರನ್ನೂ ಬೇರೆ ಮಾಡದೆ ತೆಗೆದಿಡಿ

ಬಟನ್‌ಗಳನ್ನು ಒತ್ತಿ ಪರೀಕ್ಷೆ ಮಾಡಬೇಡಿ. ಹೊಸ ರೋಗಿ ಅಥವಾ ಹೊಸ ಸಿರಿಂಜ್ ಅಂತ ಒಪ್ಪಿಗೆ ಕೊಟ್ಟರೆ ಪರದೆಯ ಹಳೆಯ ಸಂಖ್ಯೆಗಳು ಅಳಿಸಿ ಹೋಗಬಹುದು. ಪಂಪ್ ಒಳಗಿನ ದಾಖಲೆಗೂ ಮಿತಿ ಇದೆ. ತುಂಬಿದ ಮೇಲೆ ಹೊಸದು ಹಳೆಯದರ ಮೇಲೆ ಬರೆಯುತ್ತಾ ಹೋಗುತ್ತದೆ. "ಈಗ ಸರಿ ಇದೆಯಲ್ಲ" ಅಂತ ಅದೇ ಪಂಪನ್ನು ಇನ್ನೊಂದು ಹಾಸಿಗೆಗೆ ಹಾಕಿದರೆ ಅಪಾಯವೂ ಮುಂದುವರಿಯುತ್ತದೆ, ಸಾಕ್ಷಿಯೂ ಹೋಗುತ್ತದೆ.

ಸಿರಿಂಜ್ ಪಂಪ್‌ನಲ್ಲೇ ಇರಲಿ. ಲೈನ್‌ನ ಕ್ಲಾಂಪ್ ಹಾಕಿಯೇ ಇರಲಿ, ತುದಿಗೆ ಕ್ಯಾಪ್ ಇರಲಿ. ಪಂಪನ್ನು ಇದ್ದ ಹಾಗೆ ಅಡ್ಡವಾಗಿಯೇ ಸಾಗಿಸಿ. ಓರೆ ಮಾಡಿದರೆ ಗಾಳಿ ಇದ್ದ ಜಾಗ ಬದಲಾಗುತ್ತದೆ, ಎಲ್ಲಾದರೂ ಬಿರುಕಿದ್ದರೆ ದ್ರವ ಸೋರುತ್ತದೆ, ಉಳಿದ ಪ್ರಮಾಣದ ಲೆಕ್ಕ ಕೆಡುತ್ತದೆ. ಒರೆಸಬೇಡಿ. "ಸ್ವಚ್ಛ ಮಾಡಿಲ್ಲ, ಬಳಸಬೇಡಿ, ತನಿಖೆಗೆ" ಅಂತ ದೊಡ್ಡದಾಗಿ ಚೀಟಿ ಅಂಟಿಸಿ. ಮಾರ್ಫಿನ್ ಲೆಕ್ಕ ಕೊಡಬೇಕಾದ ಔಷಧ ಆದ್ದರಿಂದ ಉಳಿದದ್ದನ್ನು ಚೆಲ್ಲುವ ಹಾಗಿಲ್ಲ, ಸುಮ್ನೆ ಮೇಜಿನ ಮೇಲೆ ಬಿಡುವ ಹಾಗೂ ಇಲ್ಲ. ಇಬ್ಬರ ಸಹಿ ಹಾಕಿ, ಬೀಗ ಇರುವ ಕಡೆ ಇಡಿ.

ಸಿರಿಂಜ್‌ನ ಖಾಲಿ ಕವರ್ ಕಸದ ಡಬ್ಬಿಯಲ್ಲಿದ್ದರೆ ಹುಡುಕಿ ತೆಗೆಯಿರಿ. ಬ್ಯಾಚ್ ಸಂಖ್ಯೆ ಅದರ ಮೇಲಿರುತ್ತದೆ. ಲೈನ್‌ನ ಕವರ್ ಕೂಡ. ಸಿಗದಿದ್ದರೆ ಅದೇ ಡಬ್ಬದಲ್ಲಿ ಉಳಿದ ಸಿರಿಂಜ್‌ಗಳ ಬ್ಯಾಚ್ ಸಂಖ್ಯೆ ಬರೆದುಕೊಂಡು "ಅದೇ ಡಬ್ಬದ ಉಳಿದವುಗಳದ್ದು" ಅಂತ ಸ್ಪಷ್ಟವಾಗಿ ಹೇಳಿ.

ನಾಲ್ಕನೇ ಹೆಜ್ಜೆ: ಲೆಕ್ಕ ಹಾಕಿ

ಇಡೀ ವರದಿ ನಿಂತಿರುವುದು ಮೂರು ಸಂಖ್ಯೆಗಳ ಮೇಲೆ. ಎಷ್ಟು ಹೋಗಬೇಕಿತ್ತು, ಪಂಪ್ ಎಷ್ಟು ಹೋಗಿದೆ ಅಂದಿತು, ನಿಜವಾಗಿ ಸಿರಿಂಜ್‌ನಿಂದ ಎಷ್ಟು ಹೋಯಿತು. ಈ ಮೂರು ಪಕ್ಕಪಕ್ಕದಲ್ಲಿದ್ದರೆ ತೊಂದರೆ ಯಾವ ಕಡೆ ಇದೆ ಎಂಬುದು ಅರ್ಧ ತಿಳಿದ ಹಾಗೆ.

ಮೊದಲನೆಯದು ಸುಲಭ. ಎರಡೂವರೆ ಗಂಟೆ, ಗಂಟೆಗೆ 2 ಮಿ.ಲೀ., ಒಟ್ಟು 5 ಮಿ.ಲೀ. ಎರಡನೆಯದು ಪರದೆಯಲ್ಲೇ ಇದೆ, 5.0. ಮೂರನೆಯದಕ್ಕೆ ಉಳಿದ ದ್ರವವನ್ನು ಅಳೆಯಬೇಕು. ಸಿರಿಂಜ್ ಅಡ್ಡವಾಗಿದ್ದು ಒಳಗೆ ಗಾಳಿ ಇರುವಾಗ ಗೆರೆ ನೋಡಿ ಹೇಳಲಾಗದು. ಇದಕ್ಕೊಂದು ಒಳ್ಳೆಯ ಉಪಾಯ ತೂಕ. ಬಯೋಮೆಡಿಕಲ್‌ನವರು ಮತ್ತು ಫಾರ್ಮಸಿಯವರ ಎದುರು, ಫೋಟೋಗಳೆಲ್ಲ ಆದ ಮೇಲೆ, ಸಿರಿಂಜನ್ನು ಲೈನ್‌ನಿಂದ ಬಿಡಿಸಿ, ಮೂತಿ ಮುಚ್ಚಿ, ಸೂಕ್ಷ್ಮ ತಕ್ಕಡಿಯಲ್ಲಿ ತೂಗುವುದು. ಅದೇ ಬಗೆಯ ಖಾಲಿ ಸಿರಿಂಜನ್ನೂ ಅದೇ ಬಗೆಯ ಕ್ಯಾಪ್ ಹಾಕಿ ತೂಗುವುದು. ಇಷ್ಟು ತೆಳು ದ್ರಾವಣದಲ್ಲಿ ಒಂದು ಮಿ.ಲೀ. ಅಂದರೆ ಹೆಚ್ಚುಕಮ್ಮಿ ಒಂದು ಗ್ರಾಂ. ನಮ್ಮ ಪ್ರಸಂಗದಲ್ಲಿ ವ್ಯತ್ಯಾಸ 27 ಗ್ರಾಂ ಬಂತು. ಅಂದರೆ ಉಳಿದದ್ದು ಸುಮಾರು 27 ಮಿ.ಲೀ.

50ರಲ್ಲಿ 27 ಕಳೆದರೆ 23. ಹೋಗಬೇಕಿದ್ದದ್ದು 5. ಜಾಸ್ತಿ ಹೋದದ್ದು 18 ಮಿ.ಲೀ., ಅಂದರೆ 18 ಮಿ.ಗ್ರಾಂ. ಮಾರ್ಫಿನ್. ಪ್ಲಂಜರ್ 45ರಲ್ಲಿದ್ದೂ ದ್ರವ 27 ಮಾತ್ರ, ಆದ್ದರಿಂದ ಒಳಗೆ ಬಂದ ಗಾಳಿ ಕೂಡ 18 ಮಿ.ಲೀ. ಎರಡೂ ಕಡೆಯಿಂದ ಒಂದೇ ಸಂಖ್ಯೆ ಬರುತ್ತಿದೆ. ಲೆಕ್ಕ ಕೂಡಿತು ಅಂದರೆ ಅಳತೆಯನ್ನು ನಂಬಬಹುದು.

ಶುರುವಿನ 50 ಮಿ.ಲೀ. ಲೈನ್ ತುಂಬಿಸುವ ಮುಂಚಿನದೋ ಆಮೇಲಿನದೋ ಎಂಬುದನ್ನು ಮರೆಯದೆ ಬರೆಯಿರಿ. ಮುಂಚಿನದಾಗಿದ್ದರೆ ಲೈನ್‌ಗೆ ಹೋದ ಒಂದೆರಡು ಮಿ.ಲೀ. ಕಳೆಯಬೇಕು. ಸಣ್ಣ ಸಂಖ್ಯೆ ಅನ್ನಿಸಬಹುದು. ಆದರೆ ಗಂಟೆಗೆ 2 ಮಿ.ಲೀ. ಓಡುವ ಔಷಧದಲ್ಲಿ ಅದು ಒಂದು ಗಂಟೆಯ ಡೋಸ್.

ಈ ಸಂಖ್ಯೆಗಳು ಇನ್ನೊಂದು ವಿಷಯವನ್ನೂ ಹೇಳುತ್ತವೆ. 3 ಗಂಟೆಗೂ 4 ಗಂಟೆಗೂ ನೋಡಿದವರು ಪರದೆಯನ್ನೂ ಪ್ಲಂಜರ್ ಗೆರೆಯನ್ನೂ ಹೋಲಿಸಿದ್ದರು. ಮಾಡಬೇಕಾದ ಪರೀಕ್ಷೆ ಅದೇ. ಎರಡೂ ಹೊಂದಿದವು, ಯಾಕೆಂದರೆ ಪಂಪ್ ಪ್ಲಂಜರನ್ನು ಸರಿಯಾಗಿಯೇ ತಳ್ಳುತ್ತಿತ್ತು. ಈ ದೋಷ ಆ ಪರೀಕ್ಷೆಯ ಕಣ್ಣಿಗೆ ಬೀಳುವಂಥದ್ದಲ್ಲ. ಇದನ್ನು ವರದಿಯಲ್ಲಿ ವಾದ ಮಾಡಿ ಹೇಳಬೇಕಾಗಿಲ್ಲ. ಎರಡೂ ಸಮಯದ ಸಂಖ್ಯೆಗಳನ್ನು ಸುಮ್ಮನೆ ಇಟ್ಟರೆ ಓದುವವರಿಗೆ ಗೊತ್ತಾಗುತ್ತದೆ.

ಇದು ಹೇಗೆ ಆಗುತ್ತದೆ

ವರದಿ ಬರೆಯುವವರು ಕಾರಣ ಹೇಳಬೇಕಿಲ್ಲ. ಆದರೂ ಯಂತ್ರ ಹೇಗೆ ಕೆಲಸ ಮಾಡುತ್ತದೆ ಅಂತ ಗೊತ್ತಿದ್ದರೆ ಯಾವ ವಿವರ ಮುಖ್ಯ ಎಂಬುದು ತಾನಾಗಿ ಹೊಳೆಯುತ್ತದೆ.

ಸಿರಿಂಜ್ ಪಂಪ್ ದ್ರವವನ್ನು ಅಳೆಯುವುದಿಲ್ಲ. ಅದು ಪ್ಲಂಜರನ್ನು ಇಷ್ಟು ಮಿಲಿಮೀಟರ್ ಮುಂದೆ ತಳ್ಳುತ್ತದೆ. ಆ ದೂರವನ್ನು ಸಿರಿಂಜ್‌ನ ಒಳ ಅಗಲಕ್ಕೆ ಸೇರಿಸಿ ಲೆಕ್ಕ ಹಾಕಿ "ಇಷ್ಟು ಮಿ.ಲೀ. ಹೋಯಿತು" ಅನ್ನುತ್ತದೆ. ಪರದೆಯ 5.0 ಅಂದರೆ ಪ್ಲಂಜರ್ ಚಲಿಸಿದ ದೂರ, ಅಷ್ಟೇ. ಸಿರಿಂಜ್‌ನಲ್ಲಿ ಎಲ್ಲೋ ಕೂದಲೆಳೆಯಂಥ ಬಿರುಕು ಇದ್ದು ಅಲ್ಲಿಂದ ಗಾಳಿ ಒಳಗೆ ಬರಬಹುದಾದರೆ, ಪ್ಲಂಜರ್ ಕದಲದೆಯೇ ದ್ರವ ತನ್ನ ಭಾರಕ್ಕೆ ಲೈನ್‌ನಲ್ಲಿ ಇಳಿಯುತ್ತದೆ. ಗಾಳಿ ಬಾರದಿದ್ದರೆ ಒಳಗಿನ ನಿರ್ವಾತ ಅದನ್ನು ಹಿಡಿದಿಡುತ್ತದೆ. ನೀರು ತುಂಬಿದ ಸ್ಟ್ರಾದ ಮೇಲ್ತುದಿಯಿಂದ ಬೆರಳು ತೆಗೆದ ಹಾಗೆ, ಗಾಳಿಗೆ ದಾರಿ ಸಿಕ್ಕಿತೋ ದ್ರವ ಇಳಿಯಿತು.

ಎತ್ತರದ ಪಾತ್ರ ಇಲ್ಲಿದೆ. 80 ಸೆಂ.ಮೀ. ಎತ್ತರದ ನೀರು ಕೊಡುವ ಒತ್ತಡ ಸುಮಾರು 59 ಮಿ.ಮೀ. ಪಾದರಸ. ಕೈಯ ಅಭಿಧಮನಿಯೊಳಗಿನ ಒತ್ತಡ ಅದಕ್ಕಿಂತ ತುಂಬಾ ಕಮ್ಮಿ. ಹಾಗಾಗಿ ಹರಿಯಲು ಬೇಕಾದಷ್ಟು ಬಲ ಇದೆ. ಪಂಪ್ ರೋಗಿಯ ಮಟ್ಟದಲ್ಲೇ ಇದ್ದಿದ್ದರೆ ಅದೇ ಬಿರುಕಿನಿಂದ ಇಷ್ಟು ಹರಿಯುತ್ತಿರಲಿಲ್ಲ. ಲೈನ್‌ನಲ್ಲಿ ಆಂಟಿ-ಸೈಫನ್ ವಾಲ್ವ್ ಇದ್ದಿದ್ದರೂ ಅಷ್ಟೇ. ಪಂಪ್ ತಳ್ಳುವ ಒತ್ತಡಕ್ಕೆ ಮಾತ್ರ ಅದು ತೆರೆಯುತ್ತದೆ, ಬರಿಯ ಭಾರಕ್ಕೆ ತೆರೆಯುವುದಿಲ್ಲ. ಅದಕ್ಕೇ ಎತ್ತರ ಮತ್ತು ಲೈನ್‌ನ ಮಾದರಿ ಸಂಖ್ಯೆ ಎರಡೂ ವರದಿಯಲ್ಲಿ ಇರಬೇಕು.

ಅಲಾರಂ ಯಾಕೆ ಬರಲಿಲ್ಲ? ಲೈನ್ ಕಟ್ಟಿಕೊಂಡರೆ ಒತ್ತಡ ಏರುತ್ತದೆ, ಪಂಪ್ ಕೂಗುತ್ತದೆ. ಪ್ಲಂಜರ್ ಹಿಡಿತ ತಪ್ಪಿದರೂ ಕೂಗುತ್ತದೆ. ಇಲ್ಲಿ ಎರಡೂ ಆಗಿಲ್ಲ. ಲೈನ್‌ನಲ್ಲಿ ಗಾಳಿ ಬಂದರೆ ಗುರುತಿಸುವ ವ್ಯವಸ್ಥೆ ಚೀಲದಿಂದ ದ್ರವ ಎಳೆಯುವ ದೊಡ್ಡ ಪಂಪ್‌ಗಳಲ್ಲಿ ಸಾಮಾನ್ಯ. ಹೆಚ್ಚಿನ ಸಿರಿಂಜ್ ಪಂಪ್‌ಗಳಲ್ಲಿ ಅದು ಇರುವುದಿಲ್ಲ. ದ್ರವದ ಮಟ್ಟ ಸಿರಿಂಜ್‌ನ ಮೂತಿಯವರೆಗೆ ಇಳಿದಿದ್ದರೆ ಮುಂದೆ ಲೈನ್‌ಗೆ ಗಾಳಿಯೇ ಹೋಗುತ್ತಿತ್ತು.

ಮಾರ್ಫಿನ್ ಜಾಸ್ತಿ ಹೋಗಲು ಬೇರೆ ಕಾರಣಗಳೂ ಇರಬಹುದಲ್ಲ? ಇರಬಹುದು. ಹಾಕಿದ ಸಿರಿಂಜ್ ಒಂದು ಬ್ರಾಂಡ್, ಪಂಪ್‌ನಲ್ಲಿ ಆರಿಸಿದ್ದು ಇನ್ನೊಂದು ಎಂದುಕೊಳ್ಳಿ. ಒಂದರ ಒಳವ್ಯಾಸ 27 ಮಿ.ಮೀ., ಇನ್ನೊಂದರದ್ದು 29 ಆದರೆ ಹರಿವು ಸುಮಾರು ಶೇ. 15ರಷ್ಟು ತಪ್ಪುತ್ತದೆ. 5 ಮಿ.ಲೀ.ಗೆ ಅದು ಮುಕ್ಕಾಲು ಮಿ.ಲೀ. ಮಾತ್ರ. 18 ಮಿ.ಲೀ.ಯನ್ನು ಅದು ವಿವರಿಸುವುದಿಲ್ಲ. ಆದರೂ "ಆರಿಸಿದ ಸಿರಿಂಜ್, ಹಾಕಿದ ಸಿರಿಂಜ್" ಎರಡನ್ನೂ ಬರೆದಿದ್ದರೆ ಮಾತ್ರ ಇಂಜಿನಿಯರ್ ಈ ದಾರಿಯನ್ನು ಮುಚ್ಚಿ ಮುಂದೆ ಹೋಗಬಹುದು.

ಐದನೇ ಹೆಜ್ಜೆ: ರೋಗಿಗೆ ಏನಾಯಿತು ಎಂಬುದನ್ನು ಕೊನೆಯವರೆಗೆ ಬರೆಯಿರಿ

"ರೋಗಿಗೆ ಉಸಿರಾಟದ ತೊಂದರೆ ಆಯಿತು, ಚಿಕಿತ್ಸೆ ಕೊಡಲಾಯಿತು, ಈಗ ಚೆನ್ನಾಗಿದ್ದಾರೆ." ಇಷ್ಟಕ್ಕೇ ನಿಲ್ಲಿಸಬೇಡಿ. ಮೊದಲು ಹೇಗಿದ್ದರು ಎಂಬುದರಿಂದ ಶುರು ಮಾಡಿ. ಉಸಿರಾಟ, ಆಕ್ಸಿಜನ್, ಎಚ್ಚರದ ಮಟ್ಟ, ಇವನ್ನು ಸಮಯದ ಜೊತೆ ಇಡಿ. ಆಕ್ಸಿಜನ್ ಹಾಕಿದ್ದಾಗ ಶೇ. 82 ಇದ್ದದ್ದೋ ಹಾಕದೆ ಇದ್ದದ್ದೋ ಎಂಬುದೂ ಬೇಕು.

ಮಾರ್ಫಿನ್ ವಿಷಯದಲ್ಲಿ ಒಂದು ಮುಖ್ಯ ಸಂಗತಿ ಇದೆ. ನಲಾಕ್ಸೋನ್‌ನ ಪರಿಣಾಮ ಮಾರ್ಫಿನ್‌ಗಿಂತ ಬೇಗ ಇಳಿಯುತ್ತದೆ. ಮೊದಲ ಸುಧಾರಣೆ ನೋಡಿ ವರದಿ ಮುಗಿಸಿದರೆ ಅರ್ಧ ಕಥೆ ಬಿಟ್ಟುಹೋಗುತ್ತದೆ. ಈ ರೋಗಿಗೆ 5:40ಕ್ಕೆ ಉಸಿರಾಟ ಮತ್ತೆ 8ಕ್ಕೆ ಇಳಿಯಿತು. ಮತ್ತೊಮ್ಮೆ 100 ಮೈಕ್ರೋಗ್ರಾಂ ಕೊಟ್ಟು, ಹೆಚ್ಚು ನಿಗಾ ಇರುವ ಘಟಕಕ್ಕೆ ಸಾಗಿಸಿದರು. ನಲಾಕ್ಸೋನ್ ನೋವಿನ ಉಪಶಮನವನ್ನೂ ಕಿತ್ತುಕೊಳ್ಳುತ್ತದೆ. ಗಾಯದ ನೋವು 10ಕ್ಕೆ 8ರಷ್ಟಾಯಿತು. ಅದೂ ಪಂಪ್ ದೋಷದಿಂದ ಆದ ತೊಂದರೆಯೇ. ಅದಕ್ಕೂ ವರದಿಯಲ್ಲಿ ಒಂದು ಸಾಲು ಕೊಡಿ.

ರೋಗಿಗೂ ಮನೆಯವರಿಗೂ ಯಾರು, ಯಾವಾಗ, ಏನು ಹೇಳಿದರು ಎಂಬುದನ್ನೂ ಬರೆಯಿರಿ. "ಪಂಪ್‌ನಿಂದ ಹೋಗಬೇಕಾದ್ದಕ್ಕಿಂತ ಜಾಸ್ತಿ ಔಷಧ ಹೋಗಿದೆ, ಯಾಕೆ ಅಂತ ಪರೀಕ್ಷೆ ನಡೆಯುತ್ತಿದೆ, ಗೊತ್ತಾದದ್ದನ್ನು ಹೇಳುತ್ತೇವೆ." ಆ ಹೊತ್ತಿಗೆ ನಿಜವಾಗಿ ಗೊತ್ತಿರುವುದು ಇಷ್ಟೇ.

ಆರನೇ ಹೆಜ್ಜೆ: ವಾಕ್ಯಗಳನ್ನು ಕಟ್ಟುವುದು

ಯಾರನ್ನೂ ದೂರಬಾರದು ಅಂತ ಕೆಲವರು ಮನುಷ್ಯರನ್ನೇ ವರದಿಯಿಂದ ತೆಗೆದುಹಾಕುತ್ತಾರೆ. "ಸಿರಿಂಜ್ ಹಾಕಲ್ಪಟ್ಟಿತು, ಗಮನಿಸಲ್ಪಟ್ಟಿತು." ಓದುವುದಕ್ಕೂ ಕಷ್ಟ, ಯಾರನ್ನು ಕೇಳಬೇಕು ಅಂತಲೂ ತಿಳಿಯದು. ಹೆಸರಿನ ಬದಲು ಹುದ್ದೆ ಬಳಸಿ, ಮಾಡಿದ ಕೆಲಸವನ್ನು ನೇರವಾಗಿ ಹೇಳಿ: "ಮಧ್ಯಾಹ್ನದ ಪಾಳಿಯ ನರ್ಸ್ 2:00ಕ್ಕೆ ಸಿರಿಂಜ್ ಹಾಕಿದರು. ಎರಡನೇ ನರ್ಸ್ ವೇಗ ಮತ್ತು ಔಷಧ ನೋಡಿ ಸಹಿ ಮಾಡಿದರು."

ತೆಗೆಯಬೇಕಾದದ್ದು ತೀರ್ಪು ಕೊಡುವ ಮಾತುಗಳನ್ನು. "4 ಗಂಟೆಗೆ ಗಾಳಿಯನ್ನು ಗಮನಿಸಲಿಲ್ಲ" ಅಂತ ಬರೆದರೆ, ಆಗ ಗಾಳಿ ಕಾಣುವಷ್ಟು ಇತ್ತು ಎಂದು ನೀವೇ ತೀರ್ಮಾನಿಸಿದ ಹಾಗಾಯಿತು. ಅದು ಯಾರಿಗೂ ಗೊತ್ತಿಲ್ಲ. "4:00ರ ತಪಾಸಣೆಯಲ್ಲಿ ಪರದೆ 4.0, ಪ್ಲಂಜರ್ 46. ಸಿರಿಂಜ್‌ನಲ್ಲಿ ಗಾಳಿ ಇತ್ತೇ ಎಂಬುದರ ದಾಖಲೆ ಇಲ್ಲ, ಚಾರ್ಟ್‌ನಲ್ಲಿ ಆ ಕಾಲಂ ಇಲ್ಲ." ಇದರಲ್ಲಿ ಮುಚ್ಚಿಟ್ಟದ್ದು ಏನೂ ಇಲ್ಲ. ಮೇಲಾಗಿ, ಚಾರ್ಟ್‌ನಲ್ಲಿ ಏನು ಸೇರಿಸಬೇಕು ಎಂಬುದೂ ಅದರಲ್ಲೇ ಕಾಣುತ್ತಿದೆ.

ಯಾರಾದರೂ ನಿಜವಾಗಿ ಬೇರೆ ಸಿರಿಂಜ್ ಆರಿಸಿದ್ದರೆ? ಅದನ್ನೂ ಬರೆಯಲೇಬೇಕು. ಜೊತೆಗೆ ಪರದೆ ಏನು ತೋರಿಸಿತು, ಯಾವ ಆಯ್ಕೆ ಮೊದಲು ಬರುತ್ತದೆ, ಎರಡು ಹೆಸರು ಎಷ್ಟು ಒಂದೇ ಥರ ಇವೆ ಎಂಬುದನ್ನೂ ಬರೆಯಿರಿ. ಅಮೆರಿಕದಲ್ಲಿ ಔಷಧ ಮತ್ತು ವೈದ್ಯಕೀಯ ಉಪಕರಣಗಳ ಮೇಲೆ ನಿಗಾ ಇಡುವ ಎಫ್‌ಡಿಎ 2010ರಲ್ಲಿ ಇನ್ಫ್ಯೂಷನ್ ಪಂಪ್‌ಗಳ ಬಗ್ಗೆ ವಿಶೇಷ ಕಾರ್ಯಕ್ರಮ ಶುರು ಮಾಡಿತು. 2005ರಿಂದ 2009ರವರೆಗೆ ಅದಕ್ಕೆ ಬಂದಿದ್ದ ಸುಮಾರು 56,000 ವರದಿಗಳು ಅದರ ಹಿನ್ನೆಲೆ. ಅವುಗಳಲ್ಲಿನ ಹಲವು ತೊಂದರೆಗಳ ಮೂಲ ಉಪಕರಣದ ವಿನ್ಯಾಸದಲ್ಲೇ ಇದೆ ಎಂದು ಅದು ಹೇಳಿತು. "ಬಳಸಿದವರ ತಪ್ಪು" ಎಂಬ ಚೌಕದಲ್ಲಿ ಮೊದಲ ದಿನವೇ ಗುರುತು ಹಾಕಿದರೆ ಅಂಥ ವಿನ್ಯಾಸದ ದೋಷ ಅಲ್ಲೇ ಮುಚ್ಚಿಹೋಗುತ್ತದೆ. ಫಾರ್ಮ್‌ನಲ್ಲಿ ಕಾರಣ ಕೇಳಿದರೆ "ತನಿಖೆಯಲ್ಲಿದೆ" ಅನ್ನಿ.

ಇನ್ನೊಂದು ತುದಿಯೂ ಸರಿಯಲ್ಲ. "ದೋಷಪೂರಿತ ಪಂಪ್" ಅಂತ ಶೀರ್ಷಿಕೆ ಕೊಟ್ಟರೆ ಎಲ್ಲರೂ ಪಂಪನ್ನು ಮಾತ್ರ ನೋಡುತ್ತಾರೆ, ಸಿರಿಂಜ್ ಕಸಕ್ಕೆ ಹೋಗುತ್ತದೆ.

ವರದಿ, ಪೂರ್ತಿಯಾಗಿ

ಈ ಪ್ರಸಂಗಕ್ಕೆ ನಾನು ಬರೆಯುವುದಾದರೆ ಹೀಗೆ:

"ಶೀರ್ಷಿಕೆ: ಸಿರಿಂಜ್ ಪಂಪ್‌ನಲ್ಲಿ ಮಾರ್ಫಿನ್, ನಿಗದಿಗಿಂತ ಜಾಸ್ತಿ ಹರಿವು, ಅಲಾರಂ ಇಲ್ಲ.

ಉಪಕರಣ: ಪಂಪ್‌ನ ತಯಾರಕರು, ಮಾದರಿ, ಸರಣಿ ಸಂಖ್ಯೆ, ಆಸ್ಪತ್ರೆಯ ಆಸ್ತಿ ಸಂಖ್ಯೆ, ಸಾಫ್ಟ್‌ವೇರ್ ಆವೃತ್ತಿ, ಕೊನೆಯ ಸರ್ವಿಸ್ ದಿನಾಂಕ ಲಗತ್ತಿಸಿದೆ. ಕರೆಂಟ್‌ನಲ್ಲಿ ಓಡುತ್ತಿತ್ತು. ಸಿರಿಂಜ್ 50 ಮಿ.ಲೀ., ಆರಿಸಿದ ಬ್ರಾಂಡ್ ಮತ್ತು ಹಾಕಿದ ಬ್ರಾಂಡ್ ಒಂದೇ. ಸಿರಿಂಜ್ ಮತ್ತು ಲೈನ್‌ನ ಬ್ಯಾಚ್ ಸಂಖ್ಯೆ ಕವರ್‌ಗಳಿಂದ. ಲೈನ್‌ನಲ್ಲಿ ಆಂಟಿ-ಸೈಫನ್ ವಾಲ್ವ್ ಇಲ್ಲ. ಪಂಪ್ ರೋಗಿಯ ಎದೆಯ ಮಟ್ಟಕ್ಕಿಂತ 80 ಸೆಂ.ಮೀ. ಮೇಲೆ. ಪಂಪ್ ಗಡಿಯಾರ ಗೋಡೆ ಗಡಿಯಾರಕ್ಕಿಂತ 7 ನಿಮಿಷ ಹಿಂದೆ.

ನಡೆದದ್ದು: 2:00ಕ್ಕೆ ಶುರು, ಲೈನ್ ತುಂಬಿಸಿದ ನಂತರ 50 ಮಿ.ಲೀ., ವೇಗ ಗಂಟೆಗೆ 2 ಮಿ.ಲೀ. 3:00ಕ್ಕೆ ಪರದೆ 2.0, ಪ್ಲಂಜರ್ 48. 4:00ಕ್ಕೆ ಪರದೆ 4.0, ಪ್ಲಂಜರ್ 46. 4:30ಕ್ಕೆ ಮನೆಯವರು ಕರೆದರು. ಪರದೆ 5.0, ಪ್ಲಂಜರ್ 45, ಸಿರಿಂಜ್‌ನಲ್ಲಿ ಗಾಳಿ. ಅಲಾರಂ ಇರಲಿಲ್ಲ. 4:31ಕ್ಕೆ ಲೈನ್ ಮುಚ್ಚಲಾಯಿತು. ಹಾಸಿಗೆ, ನೆಲ, ಜೋಡಣೆಗಳಲ್ಲಿ ಒದ್ದೆ ಕಾಣಲಿಲ್ಲ. ಉಳಿದ ದ್ರವ ತೂಕದ ಪ್ರಕಾರ ಸುಮಾರು 27 ಮಿ.ಲೀ. ಸಿರಿಂಜ್‌ನಿಂದ ಹೋದದ್ದು ಸುಮಾರು 23, ನಿಗದಿ 5, ವ್ಯತ್ಯಾಸ 18 ಮಿ.ಲೀ. (18 ಮಿ.ಗ್ರಾಂ.). ಜಾಸ್ತಿ ಹರಿವು ಯಾವಾಗ ಶುರುವಾಯಿತು ಎಂಬುದು ತಿಳಿದಿಲ್ಲ.

ರೋಗಿ: 3:00ಕ್ಕೆ ಉಸಿರಾಟ 14, ಎಚ್ಚರ. 4:00ಕ್ಕೆ 11, ಕರೆದರೆ ಏಳುವ ಮಂಪರು. 4:30ಕ್ಕೆ 6, ಆಕ್ಸಿಜನ್ ಹಾಕದೆ ಶೇ. 82, ನೋವಿನ ಸ್ಪರ್ಶಕ್ಕೆ ಮಾತ್ರ ಪ್ರತಿಕ್ರಿಯೆ. 4:34 ಮತ್ತು 4:37ಕ್ಕೆ ನಲಾಕ್ಸೋನ್ ತಲಾ 100 ಮೈಕ್ರೋಗ್ರಾಂ. 4:40ಕ್ಕೆ ಉಸಿರಾಟ 12. 5:40ಕ್ಕೆ 8, ಮತ್ತೆ 100 ಮೈಕ್ರೋಗ್ರಾಂ, ನಿಗಾ ಘಟಕಕ್ಕೆ ವರ್ಗ. ನೋವು 10ಕ್ಕೆ 8. ಮರುದಿನ ಬೆಳಿಗ್ಗೆ ಎಚ್ಚರ, ಉಸಿರಾಟ 16, ಆಕ್ಸಿಜನ್ ಬೇಕಿಲ್ಲ.

ಕಾರಣ: ತನಿಖೆಯಲ್ಲಿದೆ. ಪಂಪ್, ಸಿರಿಂಜ್, ಲೈನ್ ತೆಗೆದಿಡಲಾಗಿದೆ."

ಆಸ್ಪತ್ರೆಯ ಫಾರ್ಮ್‌ನಲ್ಲಿ ಜಾಗ ಸಾಲದಿದ್ದರೆ ಹಾಳೆ ಲಗತ್ತಿಸಿ. ಅದಕ್ಕಾಗಿ ಸಂಖ್ಯೆಗಳನ್ನು ಕಮ್ಮಿ ಮಾಡಬೇಡಿ.

ಆಮೇಲೆ

ಪಂಪ್‌ನ ಒಳದಾಖಲೆಯನ್ನು ಆಸ್ಪತ್ರೆಯಲ್ಲೇ ಇಳಿಸಿಕೊಂಡು, ಒಂದು ಪ್ರತಿ ಇಟ್ಟುಕೊಂಡ ಮೇಲೆಯೇ ತಯಾರಕರಿಗೆ ಕಳಿಸಬೇಕು. ಇದನ್ನು ಬಯೋಮೆಡಿಕಲ್‌ನವರಿಗೆ ಒಂದು ಮಾತು ನೆನಪಿಸಿ. ಉಪಕರಣದಿಂದ ರೋಗಿಗೆ ಹಾನಿಯಾದಾಗ ಹೊರಗಿನ ಸಂಸ್ಥೆಗೂ ತಿಳಿಸುವ ನಿಯಮ ಬಹಳ ಕಡೆ ಇದೆ. ನಿಮ್ಮಲ್ಲಿ ಅದನ್ನು ಯಾರು ಕಳಿಸುತ್ತಾರೆ ಅಂತ ಕೇಳಿಕೊಳ್ಳಿ.

ಈ ಪ್ರಸಂಗದಲ್ಲಿ ದಾಖಲೆ ನೋಡಿದಾಗ ಪಂಪ್ ಹೇಳಿದ ವೇಗದಲ್ಲೇ ಪ್ಲಂಜರ್ ತಳ್ಳಿತ್ತು. ಹೊಸ ಸಿರಿಂಜ್ ಹಾಕಿ ಹರಿವು ಪರೀಕ್ಷಿಸಿದಾಗಲೂ ಮಿತಿಯೊಳಗೇ ಇತ್ತು. ಪಂಪ್ ಮಾತ್ರ ಕಳಿಸಿದ್ದರೆ "ದೋಷ ಕಂಡುಬಂದಿಲ್ಲ" ಅಂತ ವಾಪಸ್ ಬರುತ್ತಿತ್ತು. ಸಿರಿಂಜ್ ಜೊತೆಗಿದ್ದದ್ದರಿಂದ ಅದನ್ನು ಬೆಳಕಿಗೆ ಹಿಡಿದು ತಿರುಗಿಸಿ ನೋಡಿದರು. 30ರ ಗೆರೆಯ ಹತ್ತಿರ, ಪಂಪ್‌ನ ಹಿಡಿಕೆ ಕೂರುವ ಜಾಗದ ಅಡಿಯಲ್ಲಿ, ಒಂದು ಸಣ್ಣ ಬಿರುಕು. ಸಿರಿಂಜ್ ಪಂಪ್‌ನಲ್ಲಿ ಕೂತಿರುವಾಗ ಅದು ಯಾರಿಗೂ ಕಾಣುವ ಜಾಗದಲ್ಲಿರಲಿಲ್ಲ. ಬಿರುಕು ತಯಾರಿಕೆಯಲ್ಲೇ ಬಂದದ್ದೋ, ಸಾಗಣೆಯಲ್ಲಿ ಆದದ್ದೋ, ಹಿಡಿಕೆಯ ಒತ್ತಡಕ್ಕೆ ಬಂದದ್ದೋ ಎಂಬುದನ್ನು ತಯಾರಕರ ಪರೀಕ್ಷೆಯೇ ಹೇಳಬೇಕು.

ಇಂಥ ಮಾಹಿತಿ ಬಂದಾಗ ಮೊದಲ ವರದಿಯನ್ನು ತಿದ್ದಬೇಡಿ. ದಿನಾಂಕ ಹಾಕಿ ಕೆಳಗೆ ಹೊಸದಾಗಿ ಸೇರಿಸಿ. ಅದೇ ದಿನ ಅದೇ ಬ್ಯಾಚ್‌ನ ಸಿರಿಂಜ್‌ಗಳು ಬೇರೆ ಯಾವ ವಾರ್ಡ್‌ಗಳಲ್ಲಿ ಇವೆ ಅಂತ ಸ್ಟೋರ್‌ನವರನ್ನು ಕೇಳಿ, ಆ ಡಬ್ಬಗಳನ್ನು ಪಕ್ಕಕ್ಕಿಡಿಸಿ. ಈಗ ಓಡುತ್ತಿರುವ ಪಂಪ್‌ಗಳಲ್ಲಿ ಆ ಬ್ಯಾಚ್ ಇದ್ದರೆ ಪ್ಲಂಜರ್ ಗೆರೆ ಓದುವುದರ ಜೊತೆಗೆ ಒಳಗೆ ಗಾಳಿ ಇದೆಯೇ ಅಂತಲೂ ನೋಡಲು ಹೇಳಿ. ಎಷ್ಟು ಡಬ್ಬ ಸಿಕ್ಕಿತು, ಯಾವ ವಾರ್ಡ್‌ನಿಂದ ಎಂಬುದನ್ನು ಅದೇ ಸೇರ್ಪಡೆಯ ಕೆಳಗೆ ಬರೆದು ಸಹಿ ಹಾಕಿ.